ಏಳರ ಮೂಲ, ಹನ್ನೊಂದರ ಮೂಲ ಮತ್ತು ಆರು

ನಮ್ಮ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ಮೇಡಂಗೆ ಮಕ್ಕಳು ಇಟ್ಟ ಹೆಸರು ರೂಟಮ್ಮ. ವರ್ಗಮೂಲದ ಪಾಠ ಬಂತೆಂದರೆ ಅವರಿಗೆ ಗಂಟೆ ಹೊಡೆದದ್ದು ಕೇಳುತ್ತಿರಲಿಲ್ಲ. ಮೂಲದ ಚಿಹ್ನೆಯ ಬಾಲವನ್ನು ಬೋರ್ಡಿನ ಈ ತುದಿಯಿಂದ ಆ ತುದಿಗೆ ಎಳೆದು, ಕೈಗೆ ಹತ್ತಿದ ಬಳಪದ ಪುಡಿಯನ್ನು ತೋಳಿಗೆ ಒರೆಸಿಕೊಂಡು, ಇನ್ನೊಂದು ಬಳಪವನ್ನು ತುರುಬಿನಿಂದ ಎಳೆದು ಮುಂದುವರಿಸುತ್ತಿದ್ದರು. ಅಡ್ಡಹೆಸರು ಅವರಿಗೂ ಗೊತ್ತಿತ್ತು. ಬೆನ್ನ ಹಿಂದೆ ಅಡ್ಡಹೆಸರಿಲ್ಲದ ಮೇಷ್ಟ್ರನ್ನು ಮಕ್ಕಳು ಲೆಕ್ಕಕ್ಕೇ ಇಟ್ಟಿಲ್ಲ ಅಂತ ಅರ್ಥ ಎಂದು ನಗುತ್ತಿದ್ದರು.

ನಾನು ಅದೇ ಶಾಲೆಯ ಡ್ರಾಯಿಂಗ್ ಮೇಷ್ಟ್ರು. ನನ್ನ ಕೋಣೆಗೂ ಅವರ ತರಗತಿಗೂ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ನನ್ನ ಮಕ್ಕಳು ಬಾಳೆಹಣ್ಣಿಗೆ ನೆರಳು ತೀಡುತ್ತಿದ್ದಾಗ ಆ ಕಡೆಯಿಂದ ಮಗ್ಗಿ ಕೇಳಿಬರುತ್ತಿತ್ತು. ಲೆಕ್ಕಕ್ಕೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೂ ವರ್ಷಗಟ್ಟಲೆ ಕೇಳಿ ಕೇಳಿ ಹದಿನೇಳರ ಮಗ್ಗಿ ನನ್ನ ಕಿವಿಗೂ ಅಂಟಿಕೊಂಡಿತ್ತು.

ರೂಟಮ್ಮನವರ ತಾಯಿ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದರಂತೆ. ಒಗೆದ ಹಾಸಿಗೆ ಬಟ್ಟೆಗಳನ್ನು ಅಮ್ಮ ಆ ತುದಿ, ಮಗಳು ಈ ತುದಿ ಹಿಡಿದು ಮಡಚುವಾಗ ಬಾಯಲ್ಲಿ ಮಗ್ಗಿ. ಒಂದು ಮಡಿಕೆಗೆ ಒಂದು ಸಾಲು. ಅಕ್ಷರ ಬರೆಯುವ ಮೊದಲೇ ಹನ್ನೆರಡರವರೆಗೆ ಬಂದಿತ್ತು ಎಂದು ಅವರೇ ಹೇಳುತ್ತಿದ್ದರು. ಸ್ಟಾಫ್ ರೂಮಿನಲ್ಲಿ ನಾವು ಅಂಕಗಳನ್ನು ಕೂಡಿಸಲು ಕ್ಯಾಲ್ಕುಲೇಟರ್ ತೆಗೆದರೆ ಅವರಿಗೆ ಮೈಯೆಲ್ಲ ಉರಿ. ನಾವು ಆ ಡಬ್ಬಿಯ ಗುಂಡಿ ಒತ್ತಿ ಮುಗಿಸುವಷ್ಟರಲ್ಲಿ ಅವರ ಬಾಯಿಲೆಕ್ಕ ಮುಗಿದು ಟೀ ಕಪ್ಪು ಅರ್ಧ ಖಾಲಿಯಾಗಿರುತ್ತಿತ್ತು. ಮಗ್ಗಿ ಬಾರದ ಮಕ್ಕಳನ್ನು ಅವರು ಹೊಡೆಯುತ್ತಿರಲಿಲ್ಲ, ಆದರೆ ಬಾಗಿಲ ಆಚೆ ನಿಲ್ಲಿಸುತ್ತಿದ್ದರು. ಮಗ್ಗಿ ಇಲ್ಲದವರಿಗೆ ಲೆಕ್ಕ ಹೇಳುವುದು ಹಲ್ಲಿಲ್ಲದವರಿಗೆ ಕಬ್ಬು ಕೊಟ್ಟ ಹಾಗೆ ಎಂಬುದು ಅವರ ಮಾತು.

ಇಂಥವರಿಗೆ ಹಾಗಾಯಿತು ಎಂದರೆ ಇವತ್ತಿಗೂ ನನಗೆ ನಂಬಲಾಗುವುದಿಲ್ಲ.

ಹತ್ತನೇ ತರಗತಿಗೆ ಪರೀಕ್ಷೆ ಹತ್ತಿರ ಬಂದಿತ್ತು. ಅಂದು ಬೋರ್ಡಿನ ಮೇಲೆ ಇದ್ದ ಪ್ರಶ್ನೆ ಇದು: √7 + √11 ದೊಡ್ಡದೋ, 6 ದೊಡ್ಡದೋ? ಕ್ಯಾಲ್ಕುಲೇಟರ್ ಮುಟ್ಟದೆ ಹೇಳಿ, ಕಾರಣ ಕೊಡಿ.

ಆ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಎಲ್ಲದಕ್ಕೂ ವಾದ ಹೂಡುತ್ತಾಳೆಂದು ಮೇಡಂ ಅವಳಿಗೆ ವಕೀಲೆ ಎಂದೇ ಹೆಸರಿಟ್ಟಿದ್ದರು. ಮೊದಲು ಎದ್ದವಳು ಅವಳೇ. ಏಳಕ್ಕೂ ಹನ್ನೊಂದಕ್ಕೂ ಸರಿಯಾಗಿ ನಡುವೆ ಇರುವುದು ಒಂಬತ್ತು, ಒಂಬತ್ತರ ಮೂಲ ಮೂರು, ಎರಡು ಮೂರು ಸೇರಿದರೆ ಆರು, ಆದ್ದರಿಂದ ಎರಡೂ ಸಮ ಎಂದಳು. ಮುಂದಿನ ಬೆಂಚಿನ ಹುಡುಗ ಒಪ್ಪಲಿಲ್ಲ. ಏಳರ ಮೂಲ ಎರಡು ಪಾಯಿಂಟ್ ಆರು ಚಿಲ್ಲರೆ, ಹನ್ನೊಂದರದ್ದು ಮೂರು ಪಾಯಿಂಟ್ ಮೂರು ಚಿಲ್ಲರೆ, ಒಟ್ಟು ಐದು ಪಾಯಿಂಟ್ ಒಂಬತ್ತು ಚಿಲ್ಲರೆ, ಅಲ್ಲಿಗೆ ಆರಕ್ಕಿಂತ ಕಮ್ಮಿ ಎಂದ. ಮೇಡಂ ಅವನನ್ನು ಹಿಡಿದುಕೊಂಡರು. ಆ ಎರಡು ಚಿಲ್ಲರೆ ಸೇರಿ ಎಷ್ಟಾಗುತ್ತದೆ ಗೊತ್ತಾ, ಎರಡು ಪಾಯಿಂಟ್ ಏಳು ಮತ್ತು ಮೂರು ಪಾಯಿಂಟ್ ನಾಲ್ಕರವರೆಗೂ ಹೋಗಬಹುದಲ್ಲ, ಆಗ ಆರು ದಾಟುತ್ತದಲ್ಲ ಎಂದು ಕೇಳಿದರು. ಅಂದಾಜು ಬೇಕಾದರೆ ಇನ್ನೂ ಸೂಕ್ಷ್ಮವಾಗಿ ಮಾಡು, ಇಲ್ಲವೇ ವರ್ಗ ಮಾಡು. ಎರಡೂ ಕಡೆ ಇರುವುದು ಸೊನ್ನೆಗಿಂತ ದೊಡ್ಡ ಸಂಖ್ಯೆಗಳು, ಆದ್ದರಿಂದ ಯಾವುದು ದೊಡ್ಡದೋ ಅದರ ವರ್ಗವೂ ದೊಡ್ಡದು ಎಂದರು. ಇಷ್ಟೂ ನನಗೆ ಗೋಡೆಯ ಈಚೆಗೆ ಕೇಳುತ್ತಿತ್ತು.

ಬಳಪ ಓಡುವ ಸದ್ದು. ಎಡಗಡೆಯ ವರ್ಗ: ಏಳು, ಕೂಡಿಸು ಹನ್ನೊಂದು, ಕೂಡಿಸು ಎರಡು ಸಲ ಏಳು ಹನ್ನೊಂದರ ಗುಣಲಬ್ಧದ ಮೂಲ. ಆಮೇಲೆ ಸದ್ದು ನಿಂತಿತು.

"ಏಳ್ ಹನ್ನೊಂದ್ಲೆ?" ಎಂದು ಅವರು ಕೇಳಿದ್ದು ನನಗೆ ಕೇಳಿಸಿತು. ತರಗತಿಗೆ ತರಗತಿಯೇ ಎಪ್ಪತ್ತೇಳು ಎಂದು ಕೂಗಿತು. ಮತ್ತೆ ಸದ್ದಿಲ್ಲ. ಮತ್ತೊಮ್ಮೆ ಅದೇ ಪ್ರಶ್ನೆ. ಈ ಸಲ ನಾಲ್ಕೈದು ದನಿ ಮಾತ್ರ ಉತ್ತರ ಕೊಟ್ಟವು. ಮೂರನೆಯ ಸಲ ಯಾರೂ ಕೊಡಲಿಲ್ಲ.

ಸ್ವಲ್ಪ ಹೊತ್ತಿಗೆ ವಕೀಲೆ ನನ್ನ ಬಾಗಿಲಲ್ಲಿ ನಿಂತಿದ್ದಳು. ಯಾವಾಗಲೂ ಪಟಪಟ ಮಾತಾಡುವ ಹುಡುಗಿಯ ತುಟಿ ಬಿಳಿಚಿತ್ತು.

"ಸರ್, ಮೇಡಂ ಏಳ್ ಹನ್ನೊಂದ್ಲೆ ಎಷ್ಟು ಅಂತ ಕೇಳ್ತಿದ್ದಾರೆ."

"ಅದಕ್ಕೇನೀಗ? ಹೇಳಿ."

"ಹೇಳಿದ್ವಿ ಸರ್. ಎಪ್ಪತ್ತೇಳು ಅಂದ್ರೆ ಎಷ್ಟು ಅಂತ ಕೇಳಿದ್ರು. ಪರೀಕ್ಷೆ ಮಾಡೋಕೆ ಅಲ್ಲ ಸರ್. ನಿಜವಾಗ್ಲೂ ಕೇಳ್ತಿದ್ದಾರೆ."

ನಾನು ಹೋದಾಗ ಅವರು ಬೋರ್ಡಿನ ಕಡೆ ಮುಖ ಮಾಡಿ ನಿಂತಿದ್ದರು. ಬಲಗೈ ಪಕ್ಕಕ್ಕೆ ಜೋತಿತ್ತು, ಬಳಪ ನೆಲಕ್ಕೆ ಬಿದ್ದು ಪುಡಿಯಾಗಿತ್ತು. ನನ್ನನ್ನು ಕಂಡು ನಕ್ಕರು, ಹೆಸರು ಹಿಡಿದು ಕರೆದರು, ಏನೂ ಆಗಿಲ್ಲ ಮೇಷ್ಟ್ರೇ, ಒಂಚೂರು ಮರೆತುಹೋಯಿತು ಎಂದರು. ಮಾತಿನಲ್ಲಿ ತೊದಲಿಲ್ಲ. ಅದೇ ನನಗೆ ಹೆಚ್ಚು ಭಯ ತಂದದ್ದು. ನಲವತ್ತು ಮಕ್ಕಳು ಬೆಂಚುಗಳಲ್ಲಿ ಕುಳಿತಿದ್ದರು. ತಮ್ಮ ಮನೆ ಕಣ್ಣೆದುರೇ ಕುಸಿದದ್ದನ್ನು ಕಂಡವರ ಮುಖ ಹೇಗಿರುತ್ತದೋ ಹಾಗಿತ್ತು ಆ ಮುಖಗಳು.

ಆಸ್ಪತ್ರೆಗೆ ಬೇಗ ಸೇರಿಸಿದ್ದು ಒಳ್ಳೆಯದಾಯಿತು. ಮಿದುಳಿನ ಎಡಭಾಗದಲ್ಲಿ, ಹಿಂಬದಿಗೆ, ಸಣ್ಣ ರಕ್ತನಾಳವೊಂದು ಕಟ್ಟಿಕೊಂಡಿತ್ತು. ಔಷಧಿ ಕೊಟ್ಟರು. ಕೈ ಒಂದೆರಡು ದಿನದಲ್ಲಿ ಚೇತರಿಸಿಕೊಂಡಿತು. ಅವರ ಯಜಮಾನರು ಟೈಲರ್. ಸುದ್ದಿ ತಿಳಿದದ್ದೇ ತಡ, ಕುತ್ತಿಗೆಯ ಟೇಪನ್ನೂ ತೆಗೆಯದೆ ಓಡಿಬಂದಿದ್ದರು. ಡಾಕ್ಟರು ಹಾಸಿಗೆಯ ಪಕ್ಕ ನಿಂತು ಒಂದೊಂದೇ ಕೇಳುತ್ತ ಹೋದರು. ಮೇಡಂ ತಮ್ಮ ಹೆಸರು ಹೇಳಿದರು, ತಿಂಗಳು ಹೇಳಿದರು, ಕಿಟಕಿಯ ಆಚೆ ಕಾಣುವುದನ್ನು ವರ್ಣಿಸಿದರು. ಎರಡು ಮತ್ತು ಮೂರು ಸೇರಿದರೆ ಎಷ್ಟು ಎಂದಾಗ ಮೇಡಂ ಬೆರಳು ಮಡಚತೊಡಗಿದರು. ಮೂರು ನಾಲ್ಕ್ಲೆ ಎಷ್ಟು ಎಂದಾಗ ಗಂಡನ ಮುಖ ನೋಡಿದರು.

ಟೈಲರು ನಕ್ಕುಬಿಟ್ಟರು. ಹೆಂಡತಿ ಡಾಕ್ಟರನ್ನು ಆಟ ಆಡಿಸುತ್ತಿದ್ದಾಳೆ ಎಂದೇ ಅವರು ತಿಳಿದಿದ್ದರು. "ಸಾಕು ಕಣೇ, ಹೇಳ್ಬಿಡು" ಎಂದರು. ಆಕೆ ಹೇಳಲಿಲ್ಲ. ನಗು ಅವರ ಮುಖದಲ್ಲಿ ಹಾಗೇ ನಿಂತಿತ್ತು, ಅದನ್ನು ಎಲ್ಲಿಡಬೇಕೆಂದು ತಿಳಿಯದವರ ಹಾಗೆ. ಡಾಕ್ಟರು ಹೊರಗೆ ಕರೆದು ಹೇಳಿದರು: ಮಾತು ಉಳಿದಿದೆ, ನಡಿಗೆ ಉಳಿದಿದೆ, ನೆನಪೂ ಉಳಿದಿದೆ. ಹೋಗಿರುವುದು ಲೆಕ್ಕ. ಸ್ವಲ್ಪ ಮರಳಬಹುದು, ಎಷ್ಟು ಎಂದು ಹೇಳಲಾಗುವುದಿಲ್ಲ. ಟೈಲರು ಗೋಡೆಗೆ ಒರಗಿ, ಬೇರೆ ಏನಾದರೂ ಹೋಗಬಾರದಿತ್ತಾ ಸ್ವಾಮಿ ಎಂದರು.

ಮನೆಗೆ ಬಂದ ಮೇಲೆ ಆಕೆ ಬೀದಿಗೆ ಕಾಲಿಡಲಿಲ್ಲ. ಅವರ ಮನೆಯ ಮುಂಭಾಗವೇ ಅಂಗಡಿ. ಉದ್ದನೆಯ ಕತ್ತರಿಸುವ ಮೇಜು, ಎರಡು ಹೊಲಿಗೆ ಯಂತ್ರ, ಗೋಡೆಗೆ ತೂಗುಹಾಕಿದ ಅರ್ಧ ಹೊಲಿದ ಕೋಟುಗಳು. ಒಳಕೋಣೆಯ ಪರದೆ ಎಳೆದುಕೊಂಡು ಮೇಡಂ ಕುಳಿತಿರುತ್ತಿದ್ದರು. ನಾನು ನೋಡಲು ಹೋದಾಗ ಒಮ್ಮೆ ಅವರು ಮಾತು ತೆಗೆದರು. ಮಗ್ಗಿ ಇದ್ದ ಜಾಗಕ್ಕೆ ಹೋಗುವ ದಾರಿ ಗೊತ್ತಿದೆ, ಮೆಟ್ಟಿಲು ಗೊತ್ತಿದೆ, ಬಾಗಿಲೂ ಗೊತ್ತಿದೆ. ತೆಗೆದು ನೋಡಿದರೆ ಒಳಗೆ ಸಾಮಾನೇ ಇಲ್ಲ ಎಂದರು. ಅಂಕಿಗಳನ್ನು ಓದುತ್ತಿದ್ದರು. ಬೆರಳಿಗೆ ನಿಲುಕುವಷ್ಟನ್ನು ಎಣಿಸಿ ಕೂಡಿಸುತ್ತಿದ್ದರು, ಎಣಿಸಿ ಕಳೆಯುತ್ತಿದ್ದರು. ಗುಣಾಕಾರ ಮಾತ್ರ ಬೇರುಸಹಿತ ಕಿತ್ತುಹೋಗಿತ್ತು. ಎರಡೊಂದ್ಲೆ ಎರಡು, ಎರಡೆರಡ್ಲೆ ಎಂದು ಶುರುಮಾಡಿ, ಮುಂದಿನ ಮೆಟ್ಟಿಲು ಇದೆಯೆಂದು ಕಾಲಿಟ್ಟು ಬಿದ್ದವರ ಹಾಗೆ ಬೆಚ್ಚಿ ನಿಲ್ಲುತ್ತಿದ್ದರು. ಆ ಬೆಚ್ಚಿದ ಮುಖ ನೋಡಲಾಗದೆ ಟೈಲರು ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದರು.

ವಾರಕ್ಕೊಮ್ಮೆ ಮಾತ್ರ ಆಸ್ಪತ್ರೆಯ ಥೆರಪಿಸ್ಟ್ ಬಳಿ ಹೋಗಬೇಕಿತ್ತು. ಚಿಕ್ಕ ವಯಸ್ಸಿನ, ತಾಳ್ಮೆಯ ಹೆಂಗಸು. ಚಿತ್ರದ ಕಾರ್ಡುಗಳನ್ನು ಹರಡಿ ಸೇಬು ಎಷ್ಟು, ಚಮಚ ಎಷ್ಟು ಎಂದು ಕೇಳುತ್ತಿದ್ದರಂತೆ. ಬಹಳ ಒಳ್ಳೆಯ ಹುಡುಗಿ, ಆದರೆ ನನ್ನನ್ನು ಅಂಗನವಾಡಿಗೆ ಸೇರಿಸಿದ್ದಾಳೆ ಎಂದು ಮೇಡಂ ಒಣನಗೆ ನಕ್ಕಿದ್ದರು.

ಶಾಲೆಯಲ್ಲಿ ಹೆಡ್‌ಮಾಸ್ಟರು ಬದಲಿ ಮೇಷ್ಟ್ರನ್ನು ತಂದರು. ಆತ ಕೆಟ್ಟವರಲ್ಲ. ಅರ್ಧಕ್ಕೆ ನಿಂತಿದ್ದ ಆ ಪ್ರಶ್ನೆಯನ್ನು ಪದ್ಧತಿ ಪ್ರಕಾರ ಮುಗಿಸಿಕೊಟ್ಟರು. ಹದಿನೆಂಟು ಕೂಡಿಸು ಎರಡು ಸಲ ಎಪ್ಪತ್ತೇಳರ ಮೂಲ ಒಂದು ಕಡೆ, ಮೂವತ್ತಾರು ಇನ್ನೊಂದು ಕಡೆ. ಎರಡೂ ಕಡೆ ಹದಿನೆಂಟು ಕಳೆದು ಎರಡರಿಂದ ಭಾಗಿಸಿದರೆ ಉಳಿಯುವುದು ಎಪ್ಪತ್ತೇಳರ ಮೂಲ ಮತ್ತು ಒಂಬತ್ತು. ಒಂಬತ್ತರ ವರ್ಗ ಎಂಬತ್ತೊಂದು. ಎಪ್ಪತ್ತೇಳು ಅದಕ್ಕಿಂತ ಕಮ್ಮಿ. ಆದ್ದರಿಂದ ಎಡಗಡೆಯದು ಆರಕ್ಕಿಂತ ಕಮ್ಮಿ. ವಕೀಲೆ ಎದ್ದು ನಿಂತಳು. ಕಮ್ಮಿ ಎಂಬುದು ಒಪ್ಪಿದೆ, ಆದರೆ ಒಂಬತ್ತು ನಟ್ಟನಡುವೆ ಇರುವಾಗ ಎರಡು ಕಡೆಯ ಏರುಪೇರು ಯಾಕೆ ಹೊಂದಿಕೊಳ್ಳುವುದಿಲ್ಲ ಎಂದು ಕೇಳಿದಳು. ಪರೀಕ್ಷೆಯಲ್ಲಿ ಯಾಕೆ ಎಂದು ಕೇಳುವುದಿಲ್ಲ, ಕೂತ್ಕೋ ಎಂದು ಉತ್ತರ ಬಂತು.

ಅವಳು ಕೂರಲಿಲ್ಲ. ಶಾಲೆ ಬಿಟ್ಟ ಮೇಲೆ ನನ್ನನ್ನು ಹಿಡಿದು, ಮೇಡಂ ಮನೆಗೆ ಕರೆದುಕೊಂಡು ಹೋಗಿ ಸರ್ ಎಂದಳು. ನೋಡಿಕೊಂಡು ಬರಲು ಎಂದು ನಾನು ತಿಳಿದೆ. ಆ ಪ್ರಶ್ನೆ ಕೇಳಲು ಬರುತ್ತಿದ್ದಾಳೆಂದು ಗೊತ್ತಿದ್ದರೆ ಖಂಡಿತ ಕರೆದೊಯ್ಯುತ್ತಿರಲಿಲ್ಲ.

ಅಂಗಡಿಯಲ್ಲಿ ಟೈಲರು ಚೌಕುಳಿ ಬಟ್ಟೆಯೊಂದನ್ನು ಮೇಜಿನ ಮೇಲೆ ಹರಡಿದ್ದರು. ಮೇಡಂ ಪರದೆ ಸರಿಸಿ ಬಂದು ಸ್ಟೂಲಿನ ಮೇಲೆ ಕುಳಿತರು. ಮನೆಯಲ್ಲೆಲ್ಲ ಹೇಗಿದ್ದಾರೆ, ಓದು ಹೇಗೆ ನಡೆದಿದೆ ಎಂದೆಲ್ಲ ಆಯಿತು. ಆಮೇಲೆ ಆ ಹುಡುಗಿ ಪೀಠಿಕೆಯೇ ಇಲ್ಲದೆ ಕೇಳಿಬಿಟ್ಟಳು.

"ಮೇಡಂ, ಏಳರ ಮೂಲ, ಹನ್ನೊಂದರ ಮೂಲ ಕೂಡಿಸಿದ್ರೆ ಯಾಕೆ ಆರು ಆಗಲ್ಲ?"

ಟೈಲರ ಕೈಯ ಕತ್ತರಿ ಮೇಜಿನ ಮೇಲೆ ಬಿತ್ತು. ನನಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಕಣ್ಣು ಹೋದವರ ಮುಂದೆ ಸೂಜಿಗೆ ದಾರ ಪೋಣಿಸಿಕೊಡಿ ಅಂದ ಹಾಗಾಯಿತಲ್ಲ ಎಂದುಕೊಂಡು ಅವಳ ತೋಳು ಹಿಡಿದೆ. ಮೇಡಂ ಕೈಯೆತ್ತಿ ನನ್ನನ್ನು ತಡೆದರು. ಬಹಳ ಹೊತ್ತು ಆ ಬಟ್ಟೆಯನ್ನೇ ನೋಡುತ್ತ ಕುಳಿತರು. ಬಲಗೈ ಬೆರಳುಗಳು ಒಂದೊಂದಾಗಿ ಮಡಚಿ ಬಿಚ್ಚಿಕೊಳ್ಳುತ್ತಿದ್ದವು.

"ಏಳಕ್ಕೆ ಎರಡು ಸೇರಿಸಿದ್ರೆ ಒಂಬತ್ತು. ಹನ್ನೊಂದರಿಂದ ಎರಡು ತೆಗೆದ್ರೂ ಒಂಬತ್ತು" ಎಂದರು ನಿಧಾನವಾಗಿ. "ಏಳ್ ಹನ್ನೊಂದ್ಲೆ ಎಷ್ಟು ಅಂತ ನಂಗೆ ಗೊತ್ತಿಲ್ಲ ಕಣಮ್ಮ. ಒಂಬತ್ತೊಂಬತ್ಲೆ ಎಷ್ಟು ಅಂತಾನೂ ಗೊತ್ತಿಲ್ಲ. ಆದ್ರೆ ಮೊದಲನೇದು ಎರಡನೇದಕ್ಕಿಂತ ಕಮ್ಮಿ."

ಎರಡೂ ಗೊತ್ತಿಲ್ಲದೆ ಕಮ್ಮಿ ಅಂತ ಹೇಗೆ ಗೊತ್ತಾಯಿತು ಎಂದು ಕೇಳುವ ಧೈರ್ಯ ವಕೀಲೆಗೂ ಬರಲಿಲ್ಲ. ಕೇಳಿದವರು ಟೈಲರು.

ಮೇಡಂ ಗಂಡನ ಕೈಗೆ ಸೀಮೆಸುಣ್ಣ ಕೊಟ್ಟು, ಬಟ್ಟೆಯ ಮೂಲೆಯಲ್ಲಿ ಚೌಕುಳಿಯ ಒಂಬತ್ತು ಮನೆ ಅಗಲ ಒಂಬತ್ತು ಮನೆ ಎತ್ತರದ ಚೌಕ ಗುರುತು ಮಾಡಿ ಕತ್ತರಿಸಲು ಹೇಳಿದರು. ಯಾರದೋ ಶರ್ಟಿನ ಬಟ್ಟೆ ಅದು. ಟೈಲರು ಎರಡನೇ ಮಾತಾಡದೆ ಕತ್ತರಿಸಿದರು. ಈಗ ಕೆಳಗಿನ ಎರಡು ಸಾಲನ್ನು ಪಟ್ಟಿಯಾಗಿ ಕತ್ತರಿಸಿ ಎಂದರು. ಉಳಿದದ್ದು ಏಳು ಮನೆ ಎತ್ತರ, ಒಂಬತ್ತು ಮನೆ ಅಗಲ. ಕತ್ತರಿಸಿದ ಪಟ್ಟಿಯನ್ನು ನೆಟ್ಟಗೆ ತಿರುಗಿಸಿ ಪಕ್ಕಕ್ಕೆ ಜೋಡಿಸಲು ಹೇಳಿದರು. ಅಗಲ ಹನ್ನೊಂದಾಯಿತು. ಆದರೆ ಪಟ್ಟಿಯ ಉದ್ದ ಒಂಬತ್ತು, ಅದು ನಿಲ್ಲಬೇಕಾದ ಪಕ್ಕದ ಎತ್ತರ ಏಳು. ಎರಡು ಮನೆ ಅಗಲ, ಎರಡು ಮನೆ ಉದ್ದದ ತುಂಡು ಕೆಳಗೆ ಬಾಲದ ಹಾಗೆ ಜೋತಿತು.

"ತುಂಡು ಉಳೀತು" ಎಂದರು ಟೈಲರು.

"ಅದನ್ನ ಕತ್ತರಿಸಿ ಬಿಸಾಕಿದ್ರೆ ಮಾತ್ರ ಇದು ಏಳು ಹನ್ನೊಂದು ಆಗತ್ತೆ. ಅಂದ್ಮೇಲೆ ಕಮ್ಮಿ ತಾನೇ?"

ಆಮೇಲಿನದನ್ನು ಅವರು ಒಂದೇ ಉಸಿರಿಗೆ ಹೇಳಿದರು. ಗುಣಲಬ್ಧ ಒಂಬತ್ತರ ವರ್ಗಕ್ಕಿಂತ ಕಮ್ಮಿ ಆದ್ದರಿಂದ ಅದರ ಮೂಲ ಒಂಬತ್ತಕ್ಕಿಂತ ಕಮ್ಮಿ. ಎಡಗಡೆಯ ವರ್ಗದಲ್ಲಿ ಅಂಥವು ಎರಡಿವೆ, ಅಂದರೆ ಎರಡು ಒಂಬತ್ತಕ್ಕಿಂತ ಕಮ್ಮಿ. ಜೊತೆಗೆ ಏಳು ಮತ್ತು ಹನ್ನೊಂದು. ಹನ್ನೊಂದರಿಂದ ಎರಡು ತೆಗೆದು ಏಳಕ್ಕೆ ಕೊಟ್ಟರೆ ಅದೂ ಸರಿಯಾಗಿ ಎರಡು ಒಂಬತ್ತು. ಒಟ್ಟಿನಲ್ಲಿ ನಾಲ್ಕು ಒಂಬತ್ತಕ್ಕಿಂತ ಕಮ್ಮಿ. ಬಲಗಡೆ ಆರರ ವರ್ಗ. ಆರಾರ್ಲೆ ಎಷ್ಟು ಎಂಬುದು ಅವರಿಗೆ ಬರಲಿಲ್ಲ, ಮುಖ ಒಂದು ಕ್ಷಣ ಬಾಡಿತು. ಉಳಿದ ಬಟ್ಟೆಯ ಮೇಲೆ ಆರು ಮನೆಯ ಚೌಕ ಗುರುತು ಮಾಡಿಸಿ, ಅದನ್ನು ಅಡ್ಡಕ್ಕೂ ಉದ್ದಕ್ಕೂ ನಟ್ಟನಡುವೆ ಮಡಚಿದರು. ಮಡಚಿದ ಚೌಕದಲ್ಲಿ ಮೂರು ಮೂರು ಮನೆ. ಬೆರಳಿಟ್ಟು ಎಣಿಸಿದರು: ಒಂಬತ್ತು. ಬಿಚ್ಚಿದರೆ ಅಂಥವು ನಾಲ್ಕು. "ಬಲಗಡೆ ಪೂರ್ತಿ ನಾಲ್ಕು ಒಂಬತ್ತು. ಎಡಗಡೆ ಅದಕ್ಕಿಂತ ಕಮ್ಮಿ. ಮಧ್ಯದಿಂದ ಎರಡೂ ಕಡೆ ಸಮ ದೂರ ಹೋದ್ರೂ, ಆ ತುಂಡಿನಷ್ಟು ಕಳ್ಕೊಳ್ತೀವಿ ಕಣಮ್ಮ. ಅದಕ್ಕೇ ಸಮ ಆಗಲ್ಲ."

ವಕೀಲೆ ಬಾಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ನಾನು ಮೇಡಂ ಮುಖ ನೋಡಿದೆ. ನಮ್ಮೆಲ್ಲರಿಗಿಂತ ಹೆಚ್ಚು ಗಾಬರಿಯಾದವರು ಅವರೇ. ಖಾಲಿಯೆಂದುಕೊಂಡಿದ್ದ ಮನೆಯ ಒಳಗಿನಿಂದ ಯಾರೋ ಓಗೊಟ್ಟರೆ ಹೇಗಾಗಬೇಡ.

"ರೀ, ಇದು ಎಲ್ಲಿತ್ತು?" ಎಂದು ಗಂಡನನ್ನು ಕೇಳಿದರು. ಟೈಲರು ಆ ಬಾಲದ ತುಂಡನ್ನು ಕತ್ತರಿಸಿ ಅಂಗೈಯಲ್ಲಿ ಹಿಡಿದುಕೊಂಡು ಅಳುತ್ತಿದ್ದರು. ಶರ್ಟಿನ ಗಿರಾಕಿಗೆ ಏನು ಹೇಳಿದರೋ ನನಗೆ ತಿಳಿಯದು.

ಥೆರಪಿಸ್ಟಿಗೆ ಈ ವಿಷಯ ಹೇಳಿದಾಗ ಆಕೆ ಮೊದಲು ನಂಬಲಿಲ್ಲವಂತೆ. ಸೇಬು ಚಮಚದ ಕಾರ್ಡುಗಳನ್ನು ಪಕ್ಕಕ್ಕಿಟ್ಟು ಬೇರೆ ಬಗೆಯ ಪ್ರಶ್ನೆ ಹಾಕಿದರು. ಆರು ಮೂರ್ಲೆ ಎಷ್ಟು? ಗೊತ್ತಿಲ್ಲ. ಆರು ಮೂರ್ಲೆ, ಮೂರಾರ್ಲೆ ಇವುಗಳಲ್ಲಿ ಯಾವುದು ದೊಡ್ಡದು? ಎರಡೂ ಒಂದೇ, ಚಾಪೆ ತಿರುಗಿಸಿ ಹಾಸಿದರೆ ಚಾಪೆ ಬೆಳೆಯುವುದಿಲ್ಲ. ಎರಡು ಸಂಖ್ಯೆ ಕೂಡಿಸಿ ವರ್ಗ ಮಾಡಿದರೆ ಏನೇನು ಬರುತ್ತದೆ? ಮೇಡಂ ತಡವರಿಸದೆ ಪೂರ್ತಿ ಹೇಳಿದರು. ಥೆರಪಿಸ್ಟ್ ಪೆನ್ನು ಕೆಳಗಿಟ್ಟರಂತೆ. ಇಂಥವರ ಬಗ್ಗೆ ಓದಿದ್ದೆ, ಎದುರಿಗೆ ಕೂತದ್ದು ಇದೇ ಮೊದಲು. ಬಾಯಿಪಾಠ ಇರುವ ಜಾಗವೇ ಬೇರೆ, ಕಾರಣ ತಿಳಿಯುವ ಜಾಗವೇ ಬೇರೆ ಇರಬಹುದು. ನಿಮ್ಮದು ಉಗ್ರಾಣ ಸುಟ್ಟಿದೆ, ಅಡುಗೆಯವರು ಬದುಕಿದ್ದಾರೆ ಎಂದರು.

ಮೇಡಂ ಮತ್ತೆ ಪಾಠ ಮಾಡಲಿ ಎಂದು ನಾನು ಈ ಮಾತನ್ನು ಹೆಡ್‌ಮಾಸ್ಟರಿಗೆ ಹೇಳಿದರೆ ಅವರು ತಲೆ ಕೆರೆದುಕೊಂಡರು. ಅವರ ಕಷ್ಟವೂ ಸುಳ್ಳಲ್ಲ. ಮಗ್ಗಿ ಬಾರದ ಲೆಕ್ಕದ ಮೇಡಂ ಎಂದರೆ ತಂದೆತಾಯಂದಿರು ಏನನ್ನುತ್ತಾರೆ? ಕೊನೆಗೆ ಒಂದು ಪೀರಿಯಡ್ ತೆಗೆದುಕೊಳ್ಳಲಿ, ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ ಎಂದರು. ನಾನೂ ಹೋಗಿ ಪಕ್ಕದಲ್ಲಿ ಕುಳಿತೆ.

ಮೇಡಂ ಒಳಗೆ ಬಂದು, ಮಕ್ಕಳನ್ನೆಲ್ಲ ಒಮ್ಮೆ ನೋಡಿ, ಸುತ್ತಿಬಳಸದೆ ಹೇಳಿದರು. "ನಂಗೆ ಈಗ ಮಗ್ಗಿ ಬರಲ್ಲ. ಏಳೆಂಟ್ಲೆ ಎಷ್ಟು ಅಂತ ನೀವೇ ಹೇಳ್ಬೇಕು. ಯಾಕೆ ಅಂತ ನಾನು ಕೇಳ್ತೀನಿ."

ಯಾರೋ ಒಬ್ಬ ಕಿಸಕ್ಕೆಂದ. ಉಳಿದವರು ಅವನ ಕಡೆ ತಿರುಗಿದ ರೀತಿಗೆ ಆ ನಗು ಅಲ್ಲೇ ಸತ್ತಿತು. ಮಗ್ಗಿಯ ಕೊನೆಯ ಸಾಲಿಗೆ ತಡವರಿಸಿದ್ದಕ್ಕೆ ಬಾಗಿಲಾಚೆ ನಿಂತಿದ್ದ ಮಕ್ಕಳೂ ಅಲ್ಲಿದ್ದರು. ಅವರ ಕಣ್ಣಲ್ಲಿ ಸೇಡಿನ ಸಂತೋಷ ಕಾಣಬಹುದೆಂದು ನಾನು ಹೆದರಿದ್ದೆ. ಕಂಡದ್ದು ಬರಿಯ ದಿಗ್ಭ್ರಮೆ. ಪರ್ವತ ತಾನು ಪರ್ವತವಲ್ಲ ಎಂದು ಒಪ್ಪಿಕೊಂಡರೆ ಮಕ್ಕಳಾದರೂ ಎಲ್ಲಿ ನಿಲ್ಲಬೇಕು?

ಅವರು ಮೂರು ಜೋಡಿ ಬರೆದರು: √8 + √10, √7 + √11, √5 + √13. ಮೂರರಲ್ಲಿ ದೊಡ್ಡದು ಯಾವುದು ಎಂದರು. ಪ್ರತಿ ಜೋಡಿಯ ಮೊತ್ತವೂ ಹದಿನೆಂಟು, ನಡುವೆ ಒಂಬತ್ತೇ ಎಂಬುದನ್ನು ಮಕ್ಕಳೇ ಕಂಡುಕೊಂಡರು. ಗುಣಲಬ್ಧಗಳನ್ನೂ ಅವರೇ ಕೂಗಿದರು: ಎಂಬತ್ತು, ಎಪ್ಪತ್ತೇಳು, ಅರವತ್ತೈದು. ಎಂಬತ್ತೊಂದಕ್ಕೆ ಎಷ್ಟೆಷ್ಟು ಕಮ್ಮಿ? ಒಂದು, ನಾಲ್ಕು, ಹದಿನಾರು. ಮೇಡಂ ಕಣ್ಣರಳಿಸಿ ಕೇಳಿಸಿಕೊಂಡರು, ಆ ಅಂಕಿಗಳನ್ನು ಯಾರೋ ದೂರದ ಊರಿನಿಂದ ತಂದುಕೊಟ್ಟ ಹಾಗೆ. ನಡುವಿನಿಂದ ದೂರ ಸರಿದಷ್ಟೂ ಬಿಸಾಡಬೇಕಾದ ತುಂಡು ದೊಡ್ಡದು, ಆದ್ದರಿಂದ ಮೊತ್ತ ಚಿಕ್ಕದು. ಮೂರೂ ಆರಕ್ಕಿಂತ ಕಮ್ಮಿ, ಎಂಟು ಹತ್ತರ ಜೋಡಿ ಆರಕ್ಕೆ ಎಲ್ಲಕ್ಕಿಂತ ಹತ್ತಿರ ಎಂಬಲ್ಲಿಗೆ ಬಂತು. ಆಗ ಅವರು √7 + √12 ಎಂದು ಬರೆದು ಸುಮ್ಮನೆ ನಿಂತರು. ಅರ್ಧ ತರಗತಿ ಕಮ್ಮಿ ಕಮ್ಮಿ ಎಂದು ಕೂಗಿತು. ವಕೀಲೆ ಮಾತ್ರ ಬಾಯಿ ತೆರೆಯದೆ ಗೀಚುತ್ತಿದ್ದಳು. ಏಳು ಹನ್ನೆರಡು ಸೇರಿದರೆ ಹತ್ತೊಂಬತ್ತು, ಅದೇ ಹದಿನೆಂಟು ದಾಟಿತು. ಗುಣಲಬ್ಧ ಎಂಬತ್ತನಾಲ್ಕು, ಅದರ ಮೂಲವೂ ಒಂಬತ್ತು ದಾಟಿತು. ವರ್ಗ ಮೂವತ್ತೇಳಕ್ಕಿಂತ ಜಾಸ್ತಿ, ಆದ್ದರಿಂದ ಇದು ಆರಕ್ಕಿಂತ ದೊಡ್ಡದು ಎಂದಳು. ಕೂಗಿದವರು ಪೆಚ್ಚಾದರು. ಯಾರು ಎಲ್ಲಿ ಎಡವಿದರು ಹೇಳಿ ಎಂದು ಮೇಡಂ ಬೆನ್ನು ಹತ್ತಿದರು. ಹೆಡ್‌ಮಾಸ್ಟರು ತಾವೂ ಕಮ್ಮಿ ಎಂದು ಗುನುಗಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಆಮೇಲೆ ಅವರು ಆಕ್ಷೇಪ ಎತ್ತಲಿಲ್ಲ.

ಹಾಗೆಂದು ಎಲ್ಲ ಹೂವು ಎತ್ತಿದ ಹಾಗೆ ಸರಿಹೋಗಲಿಲ್ಲ. ಒಬ್ಬ ತಂದೆ ಶಾಲೆಗೆ ಬಂದು, ಈಜು ಬಾರದವರಿಂದ ಈಜು ಕಲಿಸುತ್ತೀರಾ ಎಂದು ಕೂಗಾಡಿ ಮಗನನ್ನು ಬೇರೆ ವಿಭಾಗಕ್ಕೆ ಹಾಕಿಸಿಕೊಂಡ. ಮೇಡಂ ತಿದ್ದಿದ ಉತ್ತರಪತ್ರಿಕೆಗಳ ಅಂಕ ಕೂಡಿಸುವ ಕೆಲಸ ಯಾರದಾದರೂ ಪಾಲಿಗೆ ಬರುತ್ತಿತ್ತು. ಹಲವು ಸಲ ನಾನೇ ಕ್ಯಾಲ್ಕುಲೇಟರ್ ಡಬ್ಬಿ ತೆಗೆದು ಕೂಡಿಸಿಕೊಟ್ಟೆ, ಅವರು ಕಿಟಕಿ ಕಡೆ ನೋಡುತ್ತ ಕೂರುತ್ತಿದ್ದರು. ಬೋರ್ಡಿನ ಮುಂದೆ ಚುರುಕಾಗಿ ಹೋಗುತ್ತಿದ್ದಾಗಲೇ ಬೆಚ್ಚಿ ನಿಲ್ಲುವುದು ನಿಲ್ಲಲಿಲ್ಲ. ಪ್ರತಿ ಸಲವೂ ಅದು ಹೊಸ ಪೆಟ್ಟೇ. ಮರೆತಿದ್ದೇನೆ ಎಂಬುದೇ ಮರೆತುಹೋಗಿರುತ್ತದೆ ಮೇಷ್ಟ್ರೇ, ಅದೇ ಕಷ್ಟ ಎನ್ನುತ್ತಿದ್ದರು. ಒಂದು ಮಾತ್ರ ಹೇಳಬೇಕು, ಅವರು ಆಮೇಲೆ ಯಾರನ್ನೂ ಬಾಗಿಲಾಚೆ ನಿಲ್ಲಿಸಲಿಲ್ಲ. ಎರಡರದ್ದು, ಮೂರರದ್ದು, ಐದರದ್ದು ಮಗ್ಗಿ ಮೆಲ್ಲಮೆಲ್ಲಗೆ ಮರಳಿ ಕಲಿತರು. ಏಳರದ್ದು ಕೊನೆಗೂ ಬರಲಿಲ್ಲ.

ನಿವೃತ್ತಿಯವರೆಗೆ ಅವರು ಹತ್ತನೇ ತರಗತಿ ಬಿಟ್ಟುಕೊಡಲಿಲ್ಲ. ಈಗ ಥೆರಪಿಸ್ಟ್ ಕರೆದಾಗ ಆಸ್ಪತ್ರೆಗೆ ಹೋಗುತ್ತಾರೆ, ರೋಗಿಯಾಗಿ ಅಲ್ಲ. ಕಳೆದ ತಿಂಗಳು ನನ್ನನ್ನೂ ಜೊತೆಗೆ ಕರೆದೊಯ್ದಿದ್ದರು. ಅಲ್ಲಿ ಒಬ್ಬ ಬಡಗಿ ಕುಳಿತಿದ್ದ. ಅವನಿಗೂ ತಲೆಯಲ್ಲಿ ಹಾಗೇ ಆಗಿತ್ತು. ಅಳತೆಯ ಅಂಕಿಗಳೆಲ್ಲ ಹೋಗಿದ್ದವು, ಮಾತೂ ಅರ್ಧ ಹೋಗಿತ್ತು. ಹೆಂಡತಿ ಪಕ್ಕದಲ್ಲಿ ನಿಂತು ಅವನ ಬದಲು ಉತ್ತರ ಕೊಡುತ್ತಿದ್ದಳು. ಎರಡಕ್ಕೆ ಮೂರು ಸೇರಿದರೆ ಎಷ್ಟು ಎಂದು ಥೆರಪಿಸ್ಟ್ ಕೇಳಿದಾಗ ಅವನು ತಲೆ ತಗ್ಗಿಸಿದ.

ಮೇಡಂ ಎದ್ದು ಹೋಗಿ ಎರಡು ಹಲಗೆ ತುಂಡು ತಂದು ಮೇಜಿನ ಮೇಲಿಟ್ಟರು. ದಪ್ಪ ಎರಡರದ್ದೂ ಒಂದೇ. ಒಂದು ಉದ್ದ, ಆದರೆ ಸಪೂರ. ಇನ್ನೊಂದು ಗಿಡ್ಡ, ಆದರೆ ಅಗಲ. ಅಣ್ಣಾ, ಯಾವುದರಲ್ಲಿ ಮರ ಜಾಸ್ತಿ ಇದೆ ಎಂದು ಕೇಳಿದರು. ನನಗೆ ಅಂದಾಜು ಸಿಗಲಿಲ್ಲ, ಚಿತ್ರ ಬರೆಯುವ ಕಣ್ಣೇ ಮೋಸ ಹೋಗುವಷ್ಟು ಹತ್ತಿರದ ತುಂಡುಗಳು. ಬಡಗಿ ಎರಡರ ಮೇಲೂ ಒಮ್ಮೆ ಅಂಗೈ ಸವರಿದ. ಗಿಡ್ಡದನ್ನು ಎತ್ತಿ ಮೇಡಂ ಕೈಗೆ ಕೊಟ್ಟ. ಅವನ ಹೆಂಡತಿ ನಮ್ಮ ಮುಖ ನೋಡಿದಳು, ಸರಿಯೋ ತಪ್ಪೋ ಎಂದು. ಸರಿ ಎಂದರು ಮೇಡಂ. ಆಕೆ ಅಲ್ಲೇ ಗೋಡೆ ಹಿಡಿದು ಕುಳಿತುಬಿಟ್ಟಳು. ಮೇಡಂ ಆಗಲೇ ಇನ್ನೊಂದು ಜೊತೆ ಹಲಗೆ ಹುಡುಕಲು ಹೋಗಿದ್ದರು.